ಮನೆಯ ಹಳೆಯ ಶೇರಿನ ಮೇಲೆ ಮುಂಗಡ: ಯಾವ ಬೆಲೆಗೆ, ಎಷ್ಟು ದಿನಕ್ಕೆ?



ನಮ್ಮಲ್ಲಿ ಅನೇಕ ಮನೆಗಳಲ್ಲಿ ಒಳ್ಳೆಯ ಕಂಪನಿಗಳ ಹಳೆಯ ಶೇರುಗಳಿವೆ. ಹಿರಿಯರು ಕೊಂಡಿದ್ದು, ಬೋನಸ್ ಬಂದು ಬೆಳೆದದ್ದು, ಯಾರೂ ಮಾರಲು ಮನಸ್ಸು ಮಾಡದೆ ಹಾಗೇ ಉಳಿದದ್ದು. ಇಂದಿನ ಬೆಲೆಗೆ ಹೋಲಿಸಿದರೆ ಅವುಗಳಿಂದ ಬರುವ ಲಾಭಾಂಶ ನೂರಕ್ಕೆ ಒಂದೋ ಒಂದೂವರೆಯೋ ರೂಪಾಯಿ ಅಷ್ಟೆ. ಆದ್ದರಿಂದ ಅಂಗಡಿಯಲ್ಲಿ ಕುಳಿತ ಮಕ್ಕಳು, “ಈ ಶೇರುಗಳ ಮೇಲೆ ಕಾಲ್ ಬರೆದರೆ ತಿಂಗಳು ತಿಂಗಳು ಆದಾಯ ಬರುತ್ತದೆ ಅಪ್ಪಾಜಿ” ಎನ್ನುತ್ತಾರೆ. ಹಿರಿಯರು, “ಅದು ಸಟ್ಟಾ, ನಮ್ಮ ಮನೆಗೆ ಬೇಡ” ಎನ್ನುತ್ತಾರೆ. ಹಿರಿಯರ ಭಯಕ್ಕೆ ಆಧಾರವಿದೆ. ವಾಯಿದೆ ಮತ್ತು ಆಪ್ಷನ್ ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ಹಣ ಕಳೆದುಕೊಂಡರೆಂದು ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳಿದೆ. ಆದರೆ ಕೈಯಲ್ಲಿ ಮಾಲು ಇಟ್ಟುಕೊಂಡು ಮಾಡುವ ವ್ಯವಹಾರಕ್ಕೂ ಮಾಲಿಲ್ಲದೆ ಮಾಡುವ ವ್ಯವಹಾರಕ್ಕೂ ಇರುವ ಅಂತರ ವ್ಯಾಪಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ಮೊದಲನೆಯ ಬಗೆಯದನ್ನು ಮಾತ್ರ ನೋಡೋಣ.

ಇದರ ತಿರುಳು ನಮಗೆ ಹೊಸದಲ್ಲ. ನಿಮ್ಮದೊಂದು ನಿವೇಶನವಿದೆ ಎನ್ನಿ. ಒಬ್ಬರು ಬಂದು, “ಒಂದು ತಿಂಗಳೊಳಗೆ ಇಂಥ ಬೆಲೆಗೆ ನಾನೇ ಕೊಳ್ಳುತ್ತೇನೆ, ಬೇರೆಯವರಿಗೆ ಕೊಡಬೇಡಿ” ಎಂದು ಸಂಚಕಾರದ ಹಣ ಕೊಡುತ್ತಾರೆ. ವಾಯಿದೆಗೆ ಅವರು ಬಾರದಿದ್ದರೆ ಹಣವೂ ನಿಮ್ಮದು, ನಿವೇಶನವೂ ನಿಮ್ಮದು. ಬಂದರೆ ಒಪ್ಪಿದ ಬೆಲೆಗೆ ಕೊಡಲೇಬೇಕು, ಅಷ್ಟರಲ್ಲಿ ಪೇಟೆ ಬೆಲೆ ಎಷ್ಟೇ ಏರಿರಲಿ. ಹತ್ತಿ, ಶೇಂಗಾ ಪೇಟೆಗಳಲ್ಲಿ ಹಿಂದೆ ‘ತೇಜಿ’ ಎಂದು ಕರೆಯುತ್ತಿದ್ದ ಸೌದೆಯೂ ಇದೇ. ಸರಕುಗಳಲ್ಲಿ ಅದನ್ನು 1952ರ ಕಾಯಿದೆ ನಿಷೇಧಿಸಿತು. ಶೇರುಗಳ ಆಪ್ಷನ್ ಮೇಲೆ 1956ರ ಕಾಯಿದೆಯಲ್ಲಿದ್ದ ನಿಷೇಧ 1995ರಲ್ಲಿ ತೆರವಾಯಿತು, 2001ರ ಜುಲೈಯಿಂದ ಬಿಡಿ ಕಂಪನಿಗಳ ಶೇರುಗಳ ಮೇಲೆ ಆಪ್ಷನ್ ವ್ಯವಹಾರ ಶುರುವಾಯಿತು. ಇಂದು ಒಪ್ಪಿದ ಬೆಲೆಗೆ ‘ಸ್ಟ್ರೈಕ್’ ಎಂದೂ, ಗಡುವಿಗೆ ‘ಎಕ್ಸ್‌ಪೈರಿ’ ಎಂದೂ, ಸಂಚಕಾರಕ್ಕೆ ‘ಪ್ರೀಮಿಯಂ’ ಎಂದೂ ಹೆಸರು. ನಾವಿಲ್ಲಿ ಒಪ್ಪಿದ ಬೆಲೆ, ಗಡುವು, ಮುಂಗಡ ಎಂದೇ ಕರೆಯೋಣ. ಒಂದೇ ವ್ಯತ್ಯಾಸ ನೆನಪಿರಲಿ: ಇಲ್ಲಿ ಮುಂಗಡವು ಕೊನೆಯ ಬೆಲೆಯಲ್ಲಿ ವಜಾ ಆಗುವುದಿಲ್ಲ, ಅದು ಯಾವಾಗಲೂ ನಿಮ್ಮದೇ.

ನಮ್ಮ ದೇಶದಲ್ಲಿ 2011ರಿಂದ ಶೇರುಗಳ ಆಪ್ಷನ್ ಗಡುವಿನ ದಿನ ಮಾತ್ರ ಚಲಾವಣೆಯಾಗುತ್ತದೆ. ಅಂದರೆ ಗಡುವಿಗೆ ಮೊದಲು ಯಾರೂ ನಿಮ್ಮ ಶೇರು ಕೇಳುವಂತಿಲ್ಲ, ನಡುವೆ ಲಾಭಾಂಶ ಬಂದರೆ ಅದು ನಿಮಗೇ. 2019ರ ಅಕ್ಟೋಬರದಿಂದ ಎಲ್ಲ ಶೇರುಗಳ ಆಪ್ಷನ್‌ನಲ್ಲೂ ಲೆಕ್ಕ ಚುಕ್ತಾ ಆಗುವುದು ಹಣದಲ್ಲಿ ಅಲ್ಲ, ಶೇರಿನಲ್ಲೇ. ಒಪ್ಪಿದ ಬೆಲೆಗಿಂತ ಪೇಟೆ ಬೆಲೆ ಮೇಲಿದ್ದರೆ ಶೇರು ನಿಮ್ಮ ಖಾತೆಯಿಂದ ಹೋಗಿಯೇ ಹೋಗುತ್ತದೆ. ಎನ್.ಎಸ್.ಇ.ಯಲ್ಲಿ ಗಡುವು ಹಿಂದೆ ತಿಂಗಳ ಕೊನೆಯ ಗುರುವಾರವಿತ್ತು, 2025ರ ಸೆಪ್ಟೆಂಬರದಿಂದ ಕೊನೆಯ ಮಂಗಳವಾರಕ್ಕೆ ಬಂದಿದೆ.

ಮುಂಗಡ ಪುಕ್ಕಟೆ ಹಣವಲ್ಲ

ಈಗ ಲೆಕ್ಕಕ್ಕೆ ಬರೋಣ. ಒಂದು ಮನೆಯಲ್ಲಿ ಒಂದು ದೊಡ್ಡ ಬ್ಯಾಂಕಿನ 1,500 ಶೇರುಗಳಿವೆ ಎಂದಿಟ್ಟುಕೊಳ್ಳಿ. ಇಂದಿನ ಬೆಲೆ 1,000 ರೂಪಾಯಿ. ಆಪ್ಷನ್ ಪೇಟೆಯಲ್ಲಿ ಬಿಡಿ ಶೇರು ನಡೆಯುವುದಿಲ್ಲ, ಲಾಟ್ ಲೆಕ್ಕ. ಈ ಶೇರಿನ ಲಾಟ್ 500 ಎನ್ನಿ, ಹಾಗಾದರೆ ಮನೆಯಲ್ಲಿ ಮೂರು ಲಾಟ್ ಇವೆ. ಪೇಟೆ ಶಾಂತವಾಗಿದ್ದಾಗ ಒಂದು ತಿಂಗಳ ಗಡುವಿಗೆ ಇಂಥ ಶೇರಿನ ಮುಂಗಡ ಹೆಚ್ಚು ಕಡಿಮೆ ಹೀಗಿರುತ್ತದೆ: 1,000ಕ್ಕೆ ಒಪ್ಪಿದರೆ ಶೇರಿಗೆ 28 ರೂಪಾಯಿ, 1,050ಕ್ಕೆ ಒಪ್ಪಿದರೆ 9 ರೂಪಾಯಿ, 1,100ಕ್ಕೆ ಒಪ್ಪಿದರೆ 2 ರೂಪಾಯಿ. ಲಾಟಿನ ಲೆಕ್ಕದಲ್ಲಿ 14,000, 4,500 ಮತ್ತು 1,000.

ಹದಿನಾಲ್ಕು ಸಾವಿರ ನೋಡಿದ ಕೂಡಲೇ ಮನಸ್ಸು ಅತ್ತ ಎಳೆಯುವುದು ಸಹಜ. ಐದು ಲಕ್ಷದ ಮಾಲಿಗೆ ತಿಂಗಳಿಗೆ ನೂರಕ್ಕೆ 2.8 ಸಿಕ್ಕಿದ ಹಾಗೆ ಕಾಣುತ್ತದೆ. ಆದರೆ ಆ ಹಣ ಬರುವುದು ಶೇರಿನ ಏರಿಕೆಯನ್ನು ಪೂರ್ತಿ ಬಿಟ್ಟುಕೊಟ್ಟದ್ದಕ್ಕೆ. ತಿಂಗಳ ಕೊನೆಗೆ ಬೆಲೆ 1,000ಕ್ಕಿಂತ ಮೇಲಿರುವ ಸಂಭವ ಅರ್ಧಕ್ಕರ್ಧ. ಅಂದರೆ ವರ್ಷದಲ್ಲಿ ಐದಾರು ಸಲ ಶೇರು ಕೈಬಿಟ್ಟು ಹೋಗಲು ನೀವು ಸಿದ್ಧರಾಗಿರಬೇಕು. ಅದಕ್ಕೆ ಸಿದ್ಧರಿದ್ದರೆ ಅದು ಇಟ್ಟುಕೊಳ್ಳುವ ಶೇರೇ ಅಲ್ಲ, ಮಾರುವ ಶೇರು.

1,050ರ ಮುಂಗಡದಲ್ಲಿ ಆ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಇದು ಸಾಧಾರಣ ಅಪಾಯ ಎನ್ನಿಸಬಹುದು. ಆದರೂ ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 4,500ರಂತೆ ಹನ್ನೆರಡು ತಿಂಗಳು ತಪ್ಪದೆ ಬಂದರೆ ವರ್ಷಕ್ಕೆ 54,000. ಇದರ ನಡುವೆ ಒಂದೇ ಒಂದು ತಿಂಗಳು ಬ್ಯಾಂಕಿನ ಫಲಿತಾಂಶ ಚೆನ್ನಾಗಿ ಬಂದು ಶೇರು 1,180ಕ್ಕೆ ಜಿಗಿದರೆ, 1,050ರಿಂದ ಮೇಲಿನ 130 ರೂಪಾಯಿ ನಿಮ್ಮದಲ್ಲ. ಮುಂಗಡದ 9 ಕಳೆದರೂ ಶೇರಿಗೆ 121, ಲಾಟಿಗೆ 60,500 ರೂಪಾಯಿ ಕೈತಪ್ಪಿತು. ಒಂದು ತಿಂಗಳು ಹನ್ನೆರಡು ತಿಂಗಳ ಆದಾಯವನ್ನು ನುಂಗಿತು.

ಹಳೆಯ ಶೇರು ಇಟ್ಟುಕೊಂಡವರಿಗೆ ಇದೇ ಮುಖ್ಯ ವಿಷಯ. ಒಳ್ಳೆಯ ಶೇರು ಪ್ರತಿ ತಿಂಗಳೂ ಸಮನಾಗಿ ಏರುವುದಿಲ್ಲ. ಬಹಳ ಕಾಲ ಇದ್ದಲ್ಲೇ ಇರುತ್ತದೆ, ಕೆಲವೇ ವಾರಗಳಲ್ಲಿ ವರ್ಷದ ಏರಿಕೆಯನ್ನೆಲ್ಲ ಮುಗಿಸುತ್ತದೆ. ಕಾಲ್ ಬರೆಯುವವನು ಸುಮ್ಮನಿರುವ ತಿಂಗಳುಗಳಲ್ಲಿ ಸಂಪಾದಿಸಿ, ಏರುವ ವಾರಗಳನ್ನು ಬಿಟ್ಟುಕೊಡುತ್ತಾನೆ. ಆದ್ದರಿಂದ ಬೆಲೆ ಮತ್ತು ಗಡುವು ಆರಿಸುವ ವಿದ್ಯೆ ಎಂದರೆ ಆ ಕೆಲವು ವಾರಗಳನ್ನು ಉಳಿಸಿಕೊಳ್ಳುವ ವಿದ್ಯೆ.

ಬೆಲೆ ಆರಿಸುವ ಬಗೆ

ಮೊದಲು ಮುಂಗಡದ ಪಟ್ಟಿ ನೋಡಬೇಡಿ. ಮನೆಯವರೆಲ್ಲ ಕುಳಿತು, “ಈ ಒಂದು ಲಾಟ್ ಯಾವ ಬೆಲೆಗೆ ಹೋದರೆ ನಮಗೆ ಹಳಹಳಿಯಿಲ್ಲ?” ಎಂದು ಕೇಳಿಕೊಳ್ಳಿ. ಆ ಬೆಲೆ ಕಾಗದದಲ್ಲಿ ಬರೆದಿಡಿ. ಆಮೇಲೆ ಪಟ್ಟಿ ತೆರೆದು ಆ ಬೆಲೆಗೆ ಮುಂಗಡ ಎಷ್ಟಿದೆ ನೋಡಿ. ಸಾಲದು ಎನ್ನಿಸಿದರೆ ಆ ತಿಂಗಳು ಬರೆಯಬೇಡಿ. ಮುಂಗಡ ಸಾಲದೆಂದು ಬೆಲೆ ಇಳಿಸುತ್ತ ಹೋಗುವುದೇ ಈ ವ್ಯವಹಾರದಲ್ಲಿ ಕೆಡುವ ಮೊದಲ ಹೆಜ್ಜೆ.

ಆ ಬೆಲೆಯಲ್ಲಿ ತೆರಿಗೆಯನ್ನೂ ಸೇರಿಸಬೇಕು. ಶೇರು ಹೋದರೆ ಅದು ಮಾರಾಟವೇ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ನೂರಕ್ಕೆ ಹನ್ನೆರಡೂವರೆ ತೆರಿಗೆ, ವರ್ಷಕ್ಕೆ ಮೊದಲ 1.25 ಲಕ್ಷ ಲಾಭಕ್ಕೆ ಇಲ್ಲ. 2018ರ ಜನವರಿ 31ಕ್ಕೆ ಮೊದಲು ಕೊಂಡ ಶೇರಾದರೆ ಕೊಂಡ ಬೆಲೆ ಮತ್ತು ಆ ದಿನದ ಗರಿಷ್ಠ ಬೆಲೆ, ಇವೆರಡರಲ್ಲಿ ಹೆಚ್ಚಿನದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಬೆಲೆ 400 ಎನ್ನಿ. 1,050ಕ್ಕೆ 500 ಶೇರು ಹೋದರೆ ಲಾಭ 3,25,000. ಅದರಲ್ಲಿ 1,25,000 ಕಳೆದು ಉಳಿದ ಎರಡು ಲಕ್ಷಕ್ಕೆ 25,000 ತೆರಿಗೆ, ಸೆಸ್ ಸೇರಿ 26,000. ಶೇರಿಗೆ 52 ರೂಪಾಯಿ. ಅಂದರೆ 1,050ಕ್ಕೆ ಕೊಟ್ಟರೂ ಕೈಗೆ ಬರುವುದು 998. ಎಂದಾದರೂ ಮಾರಿದಾಗ ಈ ತೆರಿಗೆ ಕಟ್ಟುವುದೇ, ನಿಜ. ಆದರೆ ಮಾರುವ ಉದ್ದೇಶವೇ ಇಲ್ಲದ ಮನೆಗೆ ಅದು ಅಕಾಲದಲ್ಲಿ ಬಂದ ಖರ್ಚು. ಅದೇ ಶೇರನ್ನು ಪೇಟೆಯಲ್ಲಿ ಮತ್ತೆ ಕೊಂಡು ತುಂಬಿಸುತ್ತೇವೆ ಎನ್ನುವವರು ಈ 52 ರೂಪಾಯಿ ಮರೆಯಬಾರದು.

ಗಡುವು ಆರಿಸುವ ಬಗೆ

ಪೇಟೆಯಲ್ಲಿ ಒಂದೇ ಸಮಯಕ್ಕೆ ಮೂರು ತಿಂಗಳ ಗಡುವುಗಳು ಇರುತ್ತವೆ. ಮೂರನೆಯ ತಿಂಗಳ ಮುಂಗಡ ದೊಡ್ಡದಾಗಿ ಕಾಣುತ್ತದೆ. ನಮ್ಮ ಶೇರಿಗೆ 1,050ರ ಮೂರು ತಿಂಗಳ ಮುಂಗಡ 29 ರೂಪಾಯಿಯ ಸುಮಾರು. ಆದರೆ ಮೂರು ತಿಂಗಳಲ್ಲಿ ಶೇರು 50 ರೂಪಾಯಿ ಏರುವುದು ದೊಡ್ಡ ಮಾತೇ ಅಲ್ಲ. ಶೇರು ಕೈಬಿಡುವ ಸಂಭವ ಮೊದಲಿನಂತೆ ನಾಲ್ಕರಲ್ಲಿ ಒಂದು ಆಗಬೇಕಾದರೆ 1,100ಕ್ಕೆ ಒಪ್ಪಬೇಕು, ಅದಕ್ಕೆ ಸಿಗುವುದು ಸುಮಾರು 15. ಅದರ ಬದಲು ತಿಂಗಳು ತಿಂಗಳು ಬರೆದರೆ 9ರಂತೆ ಮೂರು ಸಲ, 27. ಅದಕ್ಕಿಂತ ಮುಖ್ಯವಾದ ಅನುಕೂಲವೆಂದರೆ ಪ್ರತಿ ತಿಂಗಳೂ ಶೇರಿನ ಬೆಲೆ ನೋಡಿ ಒಪ್ಪುವ ಬೆಲೆಯನ್ನು ಮೇಲೆ ಸರಿಸಬಹುದು. ಶೇರು ನಿಧಾನವಾಗಿ ಏರುತ್ತಿದ್ದರೆ ನಿಮ್ಮ ಒಪ್ಪಂದವೂ ಅದರ ಹಿಂದೆಯೇ ಏರುತ್ತದೆ. ಇದಲ್ಲದೆ ಮೂರನೆಯ ತಿಂಗಳಿನಲ್ಲಿ ವ್ಯವಹಾರ ತೀರ ಕಡಿಮೆ. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಎಷ್ಟೋ ರೂಪಾಯಿ ಅಂತರ. ಬರೆಯುವಾಗಲೂ ನಷ್ಟ, ಬಿಡಿಸಿಕೊಳ್ಳುವಾಗಲೂ ನಷ್ಟ.

ಆದ್ದರಿಂದ 30ರಿಂದ 35 ದಿನದ ಗಡುವು ಹದವಾದದ್ದು. ಮುಂಗಡ ದಿನದಿನಕ್ಕೆ ಕರಗುತ್ತದೆ, ಆ ಕರಗುವುದೇ ಬರೆದವನ ಸಂಪಾದನೆ. ಶೇರು 1,000ದಲ್ಲೇ ನಿಂತರೆ 9 ರೂಪಾಯಿಯ ಮುಂಗಡ 20 ದಿನಗಳಲ್ಲಿ 2 ರೂಪಾಯಿಯೊಳಗೆ ಬರುತ್ತದೆ. ಆಗ ಅದನ್ನು ಮರಳಿ ಕೊಂಡು ಲೆಕ್ಕ ಮುಗಿಸಿಬಿಡಿ. ಉಳಿದ 2 ರೂಪಾಯಿಯ ಆಸೆಗೆ ಹತ್ತು ದಿನ ಶೇರನ್ನು ಕಟ್ಟಿಹಾಕುವುದು ಜಾಣತನವಲ್ಲ.

ಫಲಿತಾಂಶದ ದಿನ ಗಡುವಿನೊಳಗೆ ಬೀಳುತ್ತದೆಯೇ ಎಂದು ತಪ್ಪದೆ ನೋಡಿ. ದೊಡ್ಡ ಕಂಪನಿಗಳ ಫಲಿತಾಂಶ ಹೆಚ್ಚಾಗಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಆಗ 9 ರೂಪಾಯಿ ಇರಬೇಕಾದ ಮುಂಗಡ 14, 15 ಆಗಿರುವುದುಂಟು. ದಲಾಲರು “ಈ ತಿಂಗಳು ಭಾವ ಚೆನ್ನಾಗಿದೆ” ಎನ್ನುತ್ತಾರೆ. ಪೇಟೆ ಹೆಚ್ಚು ಕೊಡುತ್ತಿದೆ ಎಂದರೆ ದೊಡ್ಡ ಜಿಗಿತವನ್ನು ನಿರೀಕ್ಷಿಸುತ್ತಿದೆ ಎಂದರ್ಥ. ಮಾರಲು ಇಷ್ಟವಿಲ್ಲದವರು ಫಲಿತಾಂಶ ಬರುವವರೆಗೆ ಕಾದು, ಆಮೇಲೆ ಬರೆಯುವುದು ಲೇಸು.

ಎಷ್ಟು ಬರೆಯಬೇಕು

ಇದ್ದ ಮೂರೂ ಲಾಟ್‌ಗಳ ಮೇಲೆ ಬರೆಯಬೇಡಿ, ಒಂದರ ಮೇಲೆ ಮಾತ್ರ ಬರೆಯಿರಿ. ಮೇಲಿನ ಉದಾಹರಣೆಯಲ್ಲಿ ಶೇರು 1,180ಕ್ಕೆ ಹೋದಾಗ ಬರೆದ ಲಾಟಿನಲ್ಲಿ 50 ರೂಪಾಯಿ ಏರಿಕೆಯ 25,000 ಮತ್ತು ಮುಂಗಡದ 4,500 ಸಿಗುತ್ತದೆ. ಬರೆಯದ ಎರಡು ಲಾಟಿನಲ್ಲಿ 180ರಂತೆ 1,80,000 ಪೂರ್ತಿ ನಿಮ್ಮದು. ಏರಿಕೆಯ ಸಂತೋಷ ಮನೆಯಲ್ಲಿ ಉಳಿಯುತ್ತದೆ. ಮೂರರ ಮೇಲೂ ಬರೆದಿದ್ದರೆ ಒಟ್ಟು 88,500ಕ್ಕೆ ನಿಲ್ಲುತ್ತಿತ್ತು. ಒಂದೇ ಲಾಟ್ ಇರುವವರು ಇನ್ನೂ ಎಚ್ಚರದಿಂದ ದೂರದ ಬೆಲೆಗೆ ಬರೆಯಬೇಕು, ಇಲ್ಲವೇ ಬರೆಯದಿರುವುದೇ ಒಳ್ಳೆಯದು.

ಶೇರು ಏರಿದರೆ, ಇಳಿದರೆ

ಗಡುವಿಗೆ ಇನ್ನೂ ಎಂಟು ದಿನವಿರುವಾಗ ಶೇರು 1,060ಕ್ಕೆ ಬಂತು ಎನ್ನಿ. ಈಗ 1,050ರ ಮುಂಗಡ 20 ರೂಪಾಯಿ ಆಗಿರುತ್ತದೆ. ಅದನ್ನು 20 ಕೊಟ್ಟು ಬಿಡಿಸಿಕೊಂಡು, ಮುಂದಿನ ತಿಂಗಳ 1,100ಕ್ಕೆ ಬರೆದರೆ ಸುಮಾರು 16 ಸಿಗುತ್ತದೆ. ಮೊದಲು ಬಂದ 9, ಈಗ ಬಂದ 16, ಕೊಟ್ಟದ್ದು 20. ಕೈಯಲ್ಲಿ 5 ಉಳಿಯಿತು, ಒಪ್ಪಿದ ಬೆಲೆ 50 ರೂಪಾಯಿ ಮೇಲೆ ಹೋಯಿತು. ಹೀಗೆ ಸರಿಸುವುದಾದರೆ ಬೆಲೆ ಒಪ್ಪಂದದ ಆಸುಪಾಸಿನಲ್ಲಿರುವಾಗಲೇ ಸರಿಸಬೇಕು. 1,180ಕ್ಕೆ ಹೋದ ಮೇಲೆ ಬಿಡಿಸಿಕೊಳ್ಳಲು 131 ಬೇಕು, ಮುಂದಿನ ತಿಂಗಳ 1,220ಕ್ಕೆ ಬರೆದರೆ ಬರುವುದು ಹತ್ತೊಂಬತ್ತೋ ಇಪ್ಪತ್ತೋ. ಲಾಟಿಗೆ 55,000ಕ್ಕೂ ಮೀರಿ ನಗದು ತೆರಬೇಕಾಗುತ್ತದೆ. ಆಗ ಮೊದಲೇ ಒಪ್ಪಿಕೊಂಡಿದ್ದಂತೆ ಒಂದು ಲಾಟ್ ಕೊಟ್ಟು ಕೈ ತೊಳೆಯುವುದೇ ಸರಿ. “ಮಾಲು ಕೈಯಲ್ಲಿದೆ, ಅಪಾಯವಿಲ್ಲ” ಎಂಬ ಮಾತು ಮಾಲು ಕೊಡಲು ಸಿದ್ಧನಿರುವವನಿಗೆ ಮಾತ್ರ ನಿಜ. ಶೇರು ಕೊಡಲೊಲ್ಲೆ ಎನ್ನುವವನು ನಗದು ಕೊಡಲೇಬೇಕು.

ಇಳಿದಾಗ ಬೇರೆ ಬಲೆ ಇದೆ. ಶೇರು 900ಕ್ಕೆ ಬಂದರೆ 100 ರೂಪಾಯಿ ನಷ್ಟದ ಮುಂದೆ 9 ರೂಪಾಯಿ ಏನೂ ಅಲ್ಲ. ಇಳಿಕೆಯಿಂದ ಕಾಲ್ ಕಾಪಾಡುವುದಿಲ್ಲ. ಆಗ 1,050ರ ಮುಂಗಡ ಪೈಸೆಗಳಿಗೆ ಬಂದಿರುತ್ತದೆ, 940ರದ್ದು ಎದ್ದು ಕಾಣುತ್ತದೆ. ಅದಕ್ಕೆ ಬರೆದವರು, ಶೇರು ಮರುತಿಂಗಳೇ ಮತ್ತೆ 1,000ಕ್ಕೆ ಬಂದರೆ, ಹಳೆಯ ಶೇರನ್ನು 940ಕ್ಕೆ ಕೊಟ್ಟು ಕುಳಿತಿರುತ್ತಾರೆ. ಇಳಿಕೆಯನ್ನು ಪೂರ್ತಿ ಅನುಭವಿಸಿ, ಏರಿಕೆಯಲ್ಲಿ ಪಾಲಿಲ್ಲದಂತಾಯಿತು. ಕಾಗದದಲ್ಲಿ ಬರೆದಿಟ್ಟ ಬೆಲೆಗೆ ಮುಂಗಡ ಇಲ್ಲದಿದ್ದರೆ ಸುಮ್ಮನಿರುವುದೂ ವ್ಯಾಪಾರವೇ.

ಖಾತೆಯ ವಿಷಯ

ನಮ್ಮ ಕೂಡು ಕುಟುಂಬಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿ. ಶೇರು ತಾಯಿಯವರ ಹೆಸರಿನಲ್ಲೋ ಅವಿಭಕ್ತ ಕುಟುಂಬದ ಹೆಸರಿನಲ್ಲೋ ಇರುತ್ತದೆ, ಕಾಲ್ ಬರೆಯುವುದು ಮಗನ ಖಾತೆಯಲ್ಲಿ. ಮನೆಯವರ ಕಣ್ಣಿಗೆ ಅದು ಮಾಲಿರುವ ವ್ಯವಹಾರ, ಪೇಟೆಯ ಕಣ್ಣಿಗೆ ಮಾಲಿಲ್ಲದ ವ್ಯವಹಾರ. ಗಡುವಿಗೆ ಮಗನ ಖಾತೆಯಲ್ಲಿ ಶೇರು ಇಲ್ಲದಿದ್ದರೆ ಹರಾಜಿನಲ್ಲಿ ಕೊಂಡು ದಂಡ ತೆರಬೇಕು. ಯಾರ ಡಿಮ್ಯಾಟ್ ಖಾತೆಯಲ್ಲಿ ಶೇರಿದೆಯೋ ಅವರ ಖಾತೆಯಲ್ಲೇ ಬರೆಯಬೇಕು. ತಿಜೋರಿಯಲ್ಲಿ ಇನ್ನೂ ಕಾಗದದ ಸರ್ಟಿಫಿಕೇಟ್ ಇರುವವರು ಮೊದಲು ಅದನ್ನು ಡಿಮ್ಯಾಟ್ ಮಾಡಿಸಬೇಕು, 2019ರ ಏಪ್ರಿಲ್‌ನಿಂದ ಕಾಗದದ ಶೇರನ್ನು ಮಾರಿ ವರ್ಗಾಯಿಸಲು ಬರುವುದಿಲ್ಲ. ಎಲ್ಲ ಕಂಪನಿಗಳ ಮೇಲೂ ಆಪ್ಷನ್ ಇಲ್ಲ ಎಂಬುದನ್ನೂ ಗಮನಿಸಿ, ಇರುವುದು ಸುಮಾರು ಇನ್ನೂರು ದೊಡ್ಡ ಕಂಪನಿಗಳ ಮೇಲೆ ಮಾತ್ರ.

ಖಾತೆಯಲ್ಲಿ ಶೇರಿದ್ದರೂ ದಲಾಲರು ಮಾರ್ಜಿನ್ ಕೇಳುತ್ತಾರೆ. ಶೇರನ್ನೇ ಡಿಪಾಸಿಟರಿ ಮೂಲಕ ಒತ್ತೆ ಇಟ್ಟು ಅದರ ಬಹುಭಾಗ ಒದಗಿಸಬಹುದು, ಒಂದಷ್ಟು ಭಾಗ ನಗದು ಬೇಕು. ನಗದು ಕಡಿಮೆ ಬಿದ್ದರೆ ಅವರು ಬಡ್ಡಿ ಹಾಕುತ್ತಾರೆ, ತಿಂಗಳಿಗೆ ಬರುವ 4,500ರಲ್ಲಿ ಆ ಬಡ್ಡಿ ಎಷ್ಟು ತಿನ್ನುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಒತ್ತೆಯಲ್ಲಿರುವ ಶೇರನ್ನು ಗಡುವಿಗೆ ಮೊದಲು ಬಿಡಿಸಬೇಕೇ, ಯಾವ ದಿನದೊಳಗೆ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಮುಂಗಡದ ಲಾಭ ನಷ್ಟ ತೆರಿಗೆಗೆ ವ್ಯಾಪಾರದ ಆದಾಯದಲ್ಲಿ ಸೇರುತ್ತದೆ, ಶೇರು ಹೋದರೆ ಬರುವ ಲಾಭ ಬಂಡವಾಳ ಲಾಭದಲ್ಲಿ. ಎರಡನ್ನೂ ಕಿರ್ದಿಯಲ್ಲಿ ಬೇರೆ ಬೇರೆ ಬರೆಯಿರಿ. ಜೊತೆಗೆ ಮೂರನೆಯ ಅಂಕಣವೊಂದನ್ನು ಹಾಕಿ: ಈ ತಿಂಗಳು ಬರೆಯದೇ ಇದ್ದಿದ್ದರೆ ಆ ಲಾಟಿನ ಬೆಲೆ ಎಷ್ಟಿರುತ್ತಿತ್ತು? ಮುಂಗಡದ ಅಂಕಣ ತಿಂಗಳು ತಿಂಗಳು ಬೆಳೆಯುತ್ತ ಕಾಣುತ್ತದೆ, ಕೈತಪ್ಪಿದ್ದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಎರಡು ವರ್ಷದ ಕೊನೆಗೆ ಮುಂಗಡದ ಮೊತ್ತ ಈ ಮೂರನೆಯ ಅಂಕಣದ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಮುಂದುವರಿಸಿ. ಕಡಿಮೆಯಾಗಿದ್ದರೆ ಆ ಶೇರು ಸುಮ್ಮನೆ ಇಡಲು ತಕ್ಕದ್ದು, ಅದರ ಮೇಲೆ ಮುಂಗಡ ಪಡೆಯುವುದನ್ನು ನಿಲ್ಲಿಸಿ.